ಮೂರನೆಯ ಪೋಲ್ ಅನ್ನು ಯಾವಾಗ ಮರೆಯಬಹುದು?

ಕಂಟ್ರೋಲ್ ಸಿಸ್ಟಮ್ಸ್ ಪಾಠ ಕೇಳಿದ ಎಂಜಿನಿಯರುಗಳಿಗೆ ಉಳಿದದ್ದೆಲ್ಲ ಮರೆತರೂ ಒಂದು ನಿಯಮ ಮಾತ್ರ ನೆನಪಿರುತ್ತದೆ: ಐದು ಪಟ್ಟು ದೂರದಲ್ಲಿರುವ ಪೋಲ್ ಇದ್ದೂ ಇಲ್ಲದಂತೆ, ಅದನ್ನು ಲೆಕ್ಕದಿಂದ ಬಿಡಬಹುದು. ಕೆಲವು ಮೇಷ್ಟ್ರುಗಳು ಜಾಗ್ರತೆಗೆಂದು ಹತ್ತು ಪಟ್ಟು ಎನ್ನುತ್ತಾರೆ. ನಿಯಮ ಸುಳ್ಳಲ್ಲ, ಆದರೆ ಅದು ಹೇಳದೆ ಬಿಟ್ಟದ್ದೇ ಹೆಚ್ಚು. ಇಪ್ಪತ್ತೈದು ಪಟ್ಟು ದೂರದ ಪೋಲ್ ಅನ್ನು ಬಿಟ್ಟದ್ದರಿಂದ ಲೆಕ್ಕ ಪೂರ್ತಿ ತಲೆಕೆಳಗಾಗುವುದನ್ನೂ, ಎಲ್ಲಕ್ಕಿಂತ ಹತ್ತಿರದ ಪೋಲ್ ಅನ್ನೇ ಬಿಟ್ಟರೂ ಲೆಕ್ಕ ಹೆಚ್ಚುಕಡಿಮೆ ನಿಲ್ಲುವುದನ್ನೂ ಒಂದೇ ಯಂತ್ರದಲ್ಲಿ ತೋರಿಸಬಹುದು.

ಮೊದಲು ಪೋಲ್ ಎಂದರೇನು ಎಂಬುದು. ಯಾವುದೇ ಯಂತ್ರವನ್ನು ಒಮ್ಮೆ ಅಲುಗಿಸಿ ಬಿಟ್ಟರೆ ಅದು ತನ್ನದೇ ರೀತಿಯಲ್ಲಿ ಸಮಸ್ಥಿತಿಗೆ ಮರಳುತ್ತದೆ. ಈ ಮರಳುವ ಚಲನೆಯನ್ನು ಬಿಡಿಸಿ ನೋಡಿದರೆ ಅದು ಹಲವು ಸರಳ ಚಲನೆಗಳ ಮೊತ್ತವಾಗಿರುತ್ತದೆ. ಕೆಲವು ಸುಮ್ಮನೆ ಕರಗುತ್ತವೆ, ಕೆಲವು ತೂಗಾಡುತ್ತ ಕರಗುತ್ತವೆ. ಸುಮ್ಮನೆ ಕರಗುವ ಪ್ರತಿಯೊಂದು ಚಲನೆಗೂ ಒಂದು ಪೋಲ್, ತೂಗಾಡುವ ಪ್ರತಿಯೊಂದಕ್ಕೂ ಪೋಲ್‌ಗಳ ಒಂದು ಜೋಡಿ. ಕಾಗದದ ಮೇಲೆ ಗುರುತಿಸಿದಾಗ, ನಡುವಿನ ಲಂಬರೇಖೆಯಿಂದ ಎಡಕ್ಕೆ ಪೋಲ್ ಎಷ್ಟು ದೂರವಿದೆಯೋ ಅಷ್ಟು ಬೇಗ ಅದರ ಚಲನೆ ಸಾಯುತ್ತದೆ. ಅಡ್ಡರೇಖೆಯಿಂದ ಎಷ್ಟು ಮೇಲಿದೆಯೋ ಅಷ್ಟು ಬಿರುಸಾಗಿ ತೂಗಾಡುತ್ತದೆ. ಲಂಬರೇಖೆಯನ್ನು ದಾಟಿ ಬಲಕ್ಕೆ ಹೋದರೆ ಚಲನೆ ಕರಗುವ ಬದಲು ಬೆಳೆಯುತ್ತದೆ, ಯಂತ್ರ ಕೈತಪ್ಪುತ್ತದೆ. ರೇಖೆಗೆ ಹತ್ತಿರದ ಒಂದು ಜೋಡಿ ಉಳಿದವುಗಳಿಗಿಂತ ಬಹಳ ನಿಧಾನವಾಗಿದ್ದರೆ, ಉಳಿದವು ಸತ್ತ ಮೇಲೆ ನಮಗೆ ಕಾಣುವುದು ಆ ಜೋಡಿಯ ಆಟ ಮಾತ್ರ. ಅದನ್ನೇ ಪ್ರಬಲ ಜೋಡಿ, ಡಾಮಿನೆಂಟ್ ಪೇರ್, ಎನ್ನುವುದು. ಹತ್ತು ಸಮೀಕರಣಗಳ ಯಂತ್ರವನ್ನು ಎರಡು ಸಮೀಕರಣಗಳಲ್ಲಿ ಹಿಡಿಯುವ ಆಸೆ ಹುಟ್ಟುವುದು ಇಲ್ಲಿಂದ.

ಈಗ ಯಂತ್ರ. ಉಪಗ್ರಹದ ಕಡೆಗೆ ಮುಖ ತಿರುಗಿಸುವ ಒಂದು ಡಿಷ್ ಆಂಟೆನಾ, ಅದನ್ನು ತಿರುಗಿಸುವ ಡಿಸಿ ಮೋಟಾರ್, ಈಗಿನ ಕೋನವನ್ನು ಬೇಕಾದ ಕೋನದೊಂದಿಗೆ ಹೋಲಿಸಿ ವ್ಯತ್ಯಾಸಕ್ಕೆ ತಕ್ಕಷ್ಟು ವೋಲ್ಟೇಜ್ ಕೊಡುವ ಕಂಟ್ರೋಲರ್. ಅಂಕಿಗಳನ್ನು ಕೈಯಲ್ಲೇ ಲೆಕ್ಕ ಮಾಡಲು ಅನುಕೂಲವಾಗುವಂತೆ ಆರಿಸಿದ್ದೇನೆ. ಡಿಷ್ ಮತ್ತು ಗೇರುಗಳ ಜಡತ್ವದಿಂದಾಗಿ ಮೋಟಾರಿನ ವೇಗ ಏರಲು ಅರ್ಧ ಸೆಕೆಂಡಿನ ಕಾಲಾಂಕ. ಕಾಯಿಲ್‌ನಲ್ಲಿ ಕರೆಂಟ್ ಏರಲು 0.02 ಸೆಕೆಂಡ್. ವೇಗ ಕೋನವಾಗಿ ಕೂಡಿಕೊಳ್ಳುವುದರಿಂದ ಇನ್ನೊಂದು ಪೋಲ್ ಸೊನ್ನೆಯಲ್ಲೇ ಇದೆ. ಕೋನದ ವ್ಯತ್ಯಾಸದಿಂದ ಹೊರಟು ಡಿಷ್‌ನ ಕೋನ ಮುಟ್ಟುವವರೆಗಿನ ದಾರಿ, ಕಂಟ್ರೋಲರ್‌ನ ಗೇನ್ K ಸೇರಿ, ಹೀಗಿದೆ:

L(s) = K / [ s (0.5s + 1)(0.02s + 1) ]

ಪೋಲ್‌ಗಳು 0, −2, −50. ಕರೆಂಟಿನ ಪೋಲ್ ಡಿಷ್‌ನ ಪೋಲ್‌ಗಿಂತ ಇಪ್ಪತ್ತೈದು ಪಟ್ಟು ದೂರ. ನಿಯಮದ ಪ್ರಕಾರ ಅದನ್ನು ಬಿಡಲು ಅಡ್ಡಿಯೇ ಇಲ್ಲ.

ಗೇನ್ 2.4 ಎಂದಿಟ್ಟು ಲೂಪ್ ಮುಚ್ಚೋಣ, ಅಂದರೆ ಕೋನದ ಅಳತೆಯನ್ನು ಹಿಂದಕ್ಕೆ ತಂದು ಜೋಡಿಸೋಣ. ಪೋಲ್‌ಗಳು ತಮ್ಮ ಜಾಗ ಬಿಟ್ಟು ಸರಿಯುತ್ತವೆ. ಹೊಸ ಜಾಗಗಳು s³ + 52s² + 100s + 240 = 0 ಎಂಬ ಸಮೀಕರಣದ ಬೇರುಗಳು: ಒಂದು −50.1ರಲ್ಲಿ, ಉಳಿದ ಎರಡು −0.95 ± 1.97j ಎಂಬ ಜೋಡಿ. ದೂರದ ಪೋಲ್ ಈಗ ಜೋಡಿಗಿಂತ ಐವತ್ತಮೂರು ಪಟ್ಟು ಆಚೆ ಇದೆ.

ಆದರೆ ದೂರ ಹೇಳುವುದು ಒಂದು ಚಲನೆ ಎಷ್ಟು ಬೇಗ ಸಾಯುತ್ತದೆ ಎಂಬುದನ್ನು ಮಾತ್ರ. ಅದು ಎಷ್ಟು ದೊಡ್ಡದಾಗಿ ಹುಟ್ಟಿತು ಎಂಬುದನ್ನಲ್ಲ. ಅದಕ್ಕೆ ಬೇರೆಯೇ ಅಳತೆ ಇದೆ, ರೆಸಿಡ್ಯೂ ಎಂದು ಅದರ ಹೆಸರು. ಒಟ್ಟು ಚಲನೆಯಲ್ಲಿ ಆ ಪೋಲ್‌ನ ಪಾಲು ಎಂದಿಟ್ಟುಕೊಳ್ಳಿ. ಲೆಕ್ಕ ಹಾಕುವುದು ಕಷ್ಟವಲ್ಲ: ಸೂತ್ರದಲ್ಲಿ ಆ ಪೋಲ್‌ನ ಸ್ವಂತ ಅಂಶವನ್ನು ಮುಚ್ಚಿಟ್ಟು, ಉಳಿದ ಕಡೆಯೆಲ್ಲ s ಜಾಗದಲ್ಲಿ ಪೋಲ್‌ನ ಬೆಲೆ ಹಾಕಬೇಕು. ಡಿಷ್‌ಗೆ ಒಂದು ಡಿಗ್ರಿ ತಿರುಗು ಎಂದು ಒಮ್ಮೆಲೇ ಆಜ್ಞೆ ಕೊಟ್ಟಾಗ −50.1ರ ಪಾಲು 240 / (50.1 × 2420), ಅಂದರೆ 0.002. ಒಂದು ಡಿಗ್ರಿಯ ಚಲನೆಯಲ್ಲಿ ಶೇ. 0.2. ಅದೂ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಅಳಿಸಿಹೋಗುತ್ತದೆ. ಹುಟ್ಟಿದಾಗಲೇ ಚಿಕ್ಕದು, ಸಾಯುವುದೂ ಬೇಗ. ಪೋಲ್ ಒಂದನ್ನು ಬಿಡಲು ಇಷ್ಟು ಒಳ್ಳೆಯ ಕಾರಣ ಸಿಗುವುದು ಅಪರೂಪ.

ಬಿಡುವ ಕ್ರಮದಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಸೂತ್ರವನ್ನು 240 / [ s(s+2)(s+50) ] ಎಂದು ಬರೆದುಕೊಂಡವರು (s+50) ಅನ್ನು ಹೊಡೆದುಹಾಕಿ 240 / [ s(s+2) ] ಎಂದು ಮುಂದುವರಿಯುತ್ತಾರೆ. ಯಂತ್ರದ ಗೇನ್ ಕಾಗದದ ಮೇಲೆ ಐವತ್ತು ಪಟ್ಟು ಏರಿಬಿಡುತ್ತದೆ. ವೇಗದ ಪೋಲ್ ಸತ್ತ ಮೇಲೆ ಉಳಿಯುವುದು ಅದರ ನಿಂತ ಬೆಲೆ. s ಸೊನ್ನೆಯಾದಾಗ (s+50) ಎಂಬುದು 50, ಅದರಿಂದ ಭಾಗಿಸಿಯೇ ಅದನ್ನು ಬಿಡಬೇಕು. ಆಗ 4.8 / [ s(s+2) ] ಬರುತ್ತದೆ. ಮೊದಲಿನಿಂದಲೇ (0.02s + 1) ಎಂಬ ರೂಪದಲ್ಲಿ ಬರೆದುಕೊಂಡರೆ ಈ ತಪ್ಪಿಗೆ ಅವಕಾಶವೇ ಇಲ್ಲ, ಅಂಶವನ್ನು ಒಂದು ಎಂದುಕೊಂಡರೆ ಮುಗಿಯಿತು.

ಕಿರಿದಾದ ಮಾದರಿಯ ಲೂಪ್ ಮುಚ್ಚಿದಾಗ ಸಮೀಕರಣ s² + 2s + 4.8 = 0. ಎರಡನೇ ಆರ್ಡರಿನ ಎಲ್ಲ ಸಿದ್ಧ ಸೂತ್ರಗಳೂ ಇದಕ್ಕೆ ಹೊಂದುತ್ತವೆ. ಡಿಷ್ ಗುರಿಯನ್ನು ಶೇ. 20ರಷ್ಟು ದಾಟಿ ಹಿಂದೆ ಬರುತ್ತದೆ ಎಂದು ಅದು ಹೇಳುತ್ತದೆ. ಪೂರ್ಣ ಮಾದರಿಯಲ್ಲಿ ದಾಟುವಿಕೆ ಶೇ. 22. ತುದಿ ಮುಟ್ಟುವ ಹೊತ್ತು ಎರಡರಲ್ಲೂ 1.6 ಸೆಕೆಂಡಿನ ಸುತ್ತ. ಮೋಟಾರಿನ ಅಂಕಿಗಳೇ ಅಷ್ಟು ನಿಖರವಾಗಿ ಗೊತ್ತಿರುವುದಿಲ್ಲ, ಈ ಅಂತರಕ್ಕೆ ಯಾರೂ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಈಗ ಗೇನ್ ಅನ್ನು 20ಕ್ಕೆ ಏರಿಸೋಣ. ಡಿಷ್ ಚುರುಕಾಗಲಿ ಎಂದು ಯಾರಾದರೂ ಮಾಡುವ ಮೊದಲ ಕೆಲಸವೇ ಇದು. ಕಿರಿದಾದ ಮಾದರಿಯ ಪ್ರಕಾರ ದಾಟುವಿಕೆ ಶೇ. 60, ತೂಗಾಟ ನಾಲ್ಕು ಸೆಕೆಂಡಿನಲ್ಲಿ ಇಳಿಯುತ್ತದೆ. ಪೂರ್ಣ ಮಾದರಿಯಲ್ಲಿ ದಾಟುವಿಕೆ ಶೇ. 74ರ ಹತ್ತಿರ, ಇಳಿಯಲು ಏಳು ಸೆಕೆಂಡಿನ ಸಮೀಪ. ಗೇನ್ 60 ಮಾಡಿದರೆ ಕಿರಿದಾದ ಮಾದರಿ, ತೂಗಾಟ ಜಾಸ್ತಿ ಆದರೆ ಕೊನೆಗೆ ನಿಲ್ಲುತ್ತದೆ ಎಂದು ಸಮಾಧಾನ ಹೇಳುತ್ತದೆ. ನಿಜವಾದ ಡಿಷ್ ಗೇನ್ 52 ದಾಟಿದ ಕ್ಷಣದಿಂದಲೇ ಅಂಕೆಗೆ ಸಿಗದೆ ತೂಗಾಡತೊಡಗುತ್ತದೆ. s(s+2) ಎಂಬ ಎರಡನೇ ಆರ್ಡರಿನ ಮಾದರಿಗೆ ಅಸ್ಥಿರವಾಗುವ ಶಕ್ತಿಯೇ ಇಲ್ಲ. ಗೇನ್ ಸಾವಿರಕ್ಕೇರಿಸಿದರೂ ಅದರ ಪೋಲ್‌ಗಳು −1ರ ಲಂಬರೇಖೆಯ ಮೇಲೆಯೇ ಮೇಲಕ್ಕೂ ಕೆಳಕ್ಕೂ ಹೋಗುತ್ತವೆ. ಅಪಾಯವನ್ನು ಕಾಣುವ ಕಣ್ಣನ್ನೇ ನಾವು ಪೋಲ್‌ನ ಜೊತೆ ಕಿತ್ತುಹಾಕಿದ್ದೇವೆ.

ಇಲ್ಲಿನ ಸೋಜಿಗ ಬೇರೆ. ಗೇನ್ 20 ಇದ್ದಾಗ ಪೂರ್ಣ ಲೂಪ್‌ನ ನಿಜವಾದ ಪೋಲ್‌ಗಳನ್ನು ನೋಡಿ: ಒಂದು −50.8ರಲ್ಲಿ, ಜೋಡಿ −0.6ರ ಲಂಬದಲ್ಲಿ. ಅನುಪಾತ ಎಂಬತ್ತೈದು. ದೂರದ ನಿಯಮದ ಪ್ರಕಾರ ಜೋಡಿಯ ಪ್ರಾಬಲ್ಯ ಮೊದಲಿಗಿಂತ ಹೆಚ್ಚಾಗಿದೆ, ಮತ್ತು ಅದು ನಿಜವೂ ಹೌದು. ಮೂರನೆಯ ಪೋಲ್‌ನ ಪಾಲು ಇಲ್ಲೂ ಶೇ. 1.5 ಮಾತ್ರ. ಪೂರ್ಣ ಸಮೀಕರಣ ಬಿಡಿಸಿ ಸಿಕ್ಕ ಈ ಜೋಡಿಯನ್ನೇ ಇಟ್ಟುಕೊಂಡು ಉಳಿದುದನ್ನು ಬಿಟ್ಟರೆ ಉತ್ತರ ಚೆನ್ನಾಗಿಯೇ ಬರುತ್ತದೆ. ಹಾಗಾದರೆ ತಪ್ಪಿದ್ದೆಲ್ಲಿ? ಲೂಪ್ ಮುಚ್ಚುವ ಮೊದಲೇ ಬಿಟ್ಟದ್ದರಲ್ಲಿ. ಲೂಪ್ ಮುಚ್ಚಿದ ಮೇಲೆ ಬಿಡುವುದೆಂದರೆ ಆಗಿಹೋದ ಚಲನೆಯ ಒಂದು ಚೂರನ್ನು ಬಿಡುವುದು. ಮುಚ್ಚುವ ಮೊದಲು ಬಿಡುವುದೆಂದರೆ, ಆ ಚಲನೆಯನ್ನು ರೂಪಿಸುವ ವಿಳಂಬವನ್ನೇ ಬಿಡುವುದು. ಎರಡೂ ಕಾಗದದ ಮೇಲೆ ಒಂದೇ ಗೀರಿನ ಕೆಲಸವಾದ್ದರಿಂದ ಪಠ್ಯಪುಸ್ತಕ ಓದಿದವರು ಇವೆರಡನ್ನೂ ಒಂದೇ ಎಂದುಕೊಳ್ಳುವುದುಂಟು.

ವಿಳಂಬದ ಲೆಕ್ಕ ಸರಳ. ಕಾಯಿಲ್‌ನ 0.02 ಸೆಕೆಂಡ್ ಸಣ್ಣದೇ, ಆದರೆ ಲೂಪ್ ಎಷ್ಟು ವೇಗವಾಗಿ ತೂಗುತ್ತದೋ ಅದಕ್ಕೆ ಹೋಲಿಸಿ ನೋಡಬೇಕು. ಲೂಪ್‌ನ ಗೇನ್ ಒಂದಕ್ಕೆ ಇಳಿಯುವ ಆವರ್ತವನ್ನು ಕ್ರಾಸ್‌ಓವರ್ ಎನ್ನುತ್ತಾರೆ. ಗೇನ್ 2.4ರಲ್ಲಿ ಅದು ಸೆಕೆಂಡಿಗೆ 1.8 ರೇಡಿಯನ್. 0.02ರಿಂದ ಗುಣಿಸಿದರೆ 0.036 ರೇಡಿಯನ್, ಅಂದರೆ ಎರಡು ಡಿಗ್ರಿ. ಗೇನ್ 20ರಲ್ಲಿ ಕ್ರಾಸ್‌ಓವರ್ 6.2, ಹಿಂದುಳಿಕೆ ಏಳು ಡಿಗ್ರಿ. ಸ್ಥಿರತೆಗೆಂದು ಮೀಸಲಿರುವ ಫೇಸ್ ಮಾರ್ಜಿನ್‌ನಲ್ಲಿ ಒಂದು ಡಿಗ್ರಿ ಕಳೆದರೆ ಡ್ಯಾಂಪಿಂಗ್ ಅಂಕಿಯಲ್ಲಿ ಸುಮಾರು 0.01 ಕಳೆಯುತ್ತದೆ ಎಂಬುದು ಹಳೆಯ, ನಂಬಬಹುದಾದ ಅಂದಾಜು. ಅದರಂತೆ ಮೊದಲ ಸಂದರ್ಭದಲ್ಲಿ ಡ್ಯಾಂಪಿಂಗ್ 0.456ರಿಂದ 0.434ಕ್ಕೆ ಇಳಿದಿದೆ, ನಷ್ಟ 0.02. ಎರಡನೆಯದರಲ್ಲಿ 0.158ರಿಂದ 0.095ಕ್ಕೆ, ನಷ್ಟ 0.06. ನಷ್ಟ ದೊಡ್ಡದೇನಲ್ಲ, ಆದರೆ ಎರಡನೆಯ ಸಂದರ್ಭದಲ್ಲಿ ಕೈಯಲ್ಲಿದ್ದ ಗಂಟೇ ಚಿಕ್ಕದು.

ಆದ್ದರಿಂದ ಲೂಪ್ ಮುಚ್ಚುವ ಮೊದಲು ಮಾದರಿ ಕಿರಿದಾಗಿಸುವವರು ಪೋಲ್ ಅನ್ನು ಇನ್ನೊಂದು ಪೋಲ್‌ಗೆ ಹೋಲಿಸುವುದಕ್ಕಿಂತ ಕ್ರಾಸ್‌ಓವರ್‌ಗೆ ಹೋಲಿಸುವುದು ಮೇಲು. ಅಲ್ಲಿ ಕೆಲವೇ ಡಿಗ್ರಿ ಹಿಂದುಳಿಕೆ ಇದ್ದು, ಮಾರ್ಜಿನ್ ನಲವತ್ತೈವತ್ತು ಡಿಗ್ರಿ ಇದ್ದರೆ ಬಿಡಬಹುದು. ಬಿಡಲೇಬೇಕು ಆದರೆ ಧೈರ್ಯ ಸಾಲದು ಎಂದಾದರೆ ನಡುದಾರಿಯೊಂದಿದೆ: ಪೋಲ್ ಅನ್ನು ತೆಗೆದು ಅದರ ಜಾಗದಲ್ಲಿ ಅಷ್ಟೇ ಕಾಲದ ಶುದ್ಧ ವಿಳಂಬವನ್ನು ಇಡುವುದು. ಡಿಷ್‌ನ ಮಾದರಿಯಲ್ಲಿ (0.02s + 1) ತೆಗೆದು 0.02 ಸೆಕೆಂಡಿನ ವಿಳಂಬ ಹಾಕಿದರೆ, ಅಸ್ಥಿರವಾಗುವ ಗೇನ್ 50ರ ಆಸುಪಾಸು ಬರುತ್ತದೆ. ನಿಜವಾದದ್ದು 52. ಕಳೆದುಹೋದ ಎಚ್ಚರಿಕೆ ಹೀಗೆ ಮರಳಿ ಸಿಗುತ್ತದೆ, ಅದೂ ಸುರಕ್ಷಿತ ಬದಿಗೆ ವಾಲಿಕೊಂಡು. ಇಂಥ ಸಣ್ಣ ಪುಟ್ಟ ಪೋಲ್‌ಗಳು ಐದಾರು ಇದ್ದರೆ, ಸೆನ್ಸರ್‌ನದು, ಫಿಲ್ಟರ್‌ನದು, ಆಂಪ್ಲಿಫೈಯರ್‌ನದು, ಅವುಗಳ ಕಾಲಾಂಕಗಳನ್ನೆಲ್ಲ ಕೂಡಿಸಿ ಒಂದೇ ವಿಳಂಬವಾಗಿ ಇಡಬಹುದು. ಒಂದೊಂದೂ ನಗಣ್ಯವಾಗಿದ್ದು ಎಲ್ಲ ಸೇರಿ ಮಾರ್ಜಿನ್ ತಿಂದುಹಾಕುವುದು ಕಾರ್ಖಾನೆಗಳಲ್ಲಿ ಸಾಮಾನ್ಯ ಸಂಗತಿ.

ಇದು ದೂರದ ಪೋಲ್‌ನ ಕತೆ. ಹತ್ತಿರದ ಪೋಲ್ ಅನ್ನೇ ಬಿಡುವುದು ಹೇಗೆ?

ಗೇನ್ ಮತ್ತೆ 2.4ಕ್ಕೆ ತರೋಣ. ಗಾಳಿ ಡಿಷ್ ಅನ್ನು ಒಂದೇ ಸಮನೆ ಒಂದು ಕಡೆಗೆ ತಳ್ಳುತ್ತಿದೆ ಎನ್ನಿ. ಅದನ್ನು ತಡೆದುಹಿಡಿಯಲು ಮೋಟಾರಿಗೆ ವೋಲ್ಟೇಜ್ ಬೇಕು, ವೋಲ್ಟೇಜ್ ಹುಟ್ಟಲು ಕೋನದಲ್ಲಿ ತಪ್ಪು ಇರಬೇಕು, ಆದ್ದರಿಂದ ಡಿಷ್ ಸ್ವಲ್ಪ ವಾಲಿಯೇ ನಿಲ್ಲುತ್ತದೆ. ಈ ವಾಲು ತೆಗೆಯಲು ಕಂಟ್ರೋಲರ್‌ಗೆ ಇಂಟಿಗ್ರೇಟರ್ ಸೇರಿಸುತ್ತಾರೆ. ತಪ್ಪು ಉಳಿದಷ್ಟು ಹೊತ್ತೂ ಅದನ್ನು ಕೂಡಿಸುತ್ತ ವೋಲ್ಟೇಜ್ ಏರಿಸುವುದು ಅದರ ಕೆಲಸ. ಲೂಪ್ ಕೆಡದಿರಲೆಂದು ಅದನ್ನು ನಿಧಾನವಾಗಿಯೇ ಇಡುತ್ತಾರೆ: ಇಲ್ಲಿ (s + 0.1)/s. ಸಮೀಕರಣ ನಾಲ್ಕನೇ ಆರ್ಡರ್ ಆಗುತ್ತದೆ. ಬೇರುಗಳು −50.1, ಸ್ವಲ್ಪ ಸರಿದ ಜೋಡಿ −0.90 ± 1.95j, ಮತ್ತು ಹೊಸಬ −0.104.

ಈ ಹೊಸಬ ಜೋಡಿಗಿಂತ ಲಂಬರೇಖೆಗೆ ಎಂಟು ಪಟ್ಟಿಗೂ ಹೆಚ್ಚು ಹತ್ತಿರ. ಐದು ಪಟ್ಟಿನ ನಿಯಮ ಹಿಡಿದವರು ಇವನೇ ಪ್ರಬಲ, ಜೋಡಿಯನ್ನು ಬಿಡಿ ಎನ್ನಬೇಕು. ಹಾಗೆ ಮಾಡಿದರೆ ಡಿಷ್ ಹತ್ತು ಸೆಕೆಂಡಿನ ಕಾಲಾಂಕದಲ್ಲಿ ಮೆಲ್ಲಗೆ, ಗುರಿ ದಾಟದೆ ತಿರುಗುತ್ತದೆ ಎಂದು ಲೆಕ್ಕ ಬರುತ್ತದೆ. ವಾಸ್ತವದಲ್ಲಿ ಡಿಷ್ ಸೆಕೆಂಡಿನ ಸುತ್ತಮುತ್ತಲೇ ಗುರಿ ಮುಟ್ಟಿ ಅದನ್ನು ಶೇ. 28ರಷ್ಟು ದಾಟುತ್ತದೆ. ಕಾರಣ ಪಾಲಿನಲ್ಲಿದೆ. ಕಂಟ್ರೋಲರ್ ತಂದ ಝೀರೋ −0.1ರಲ್ಲಿ ಕೂತಿದೆ, ಪೋಲ್ −0.104ರಲ್ಲಿ. ಪಾಲಿನ ಲೆಕ್ಕದಲ್ಲಿ ಇವೆರಡರ ಅಂತರ ಗುಣಕವಾಗಿ ಬರುತ್ತದೆ, ಆ ಅಂತರ ಬಲು ಸಣ್ಣದು. ಪಾಲು ಶೇ. 4.5ಕ್ಕೆ ಕುಗ್ಗುತ್ತದೆ.

ಶೇ. 4.5 ಬಿಡಬಹುದಾದ ಮೊತ್ತವೇ? ಅದು ಕೆಲಸದ ಮೇಲೆ ನಿಂತಿದೆ. ಶೇ. 5ರೊಳಗೆ ಬಂದರೆ ಸಾಕು ಎನ್ನುವವರಿಗೆ ಈ ಬಾಲ ತೊಡಕಾಗುವುದು ಕಡಿಮೆ. ಶೇ. 0.5ರೊಳಗೆ ಬರಬೇಕು ಎನ್ನುವವರು ಇಪ್ಪತ್ತು ಸೆಕೆಂಡಿಗೂ ಹೆಚ್ಚು ಕಾಯಬೇಕಾಗುತ್ತದೆ, ಜೋಡಿ ಅಷ್ಟರಲ್ಲಿ ಎಂದೋ ಸುಮ್ಮನಾಗಿರುತ್ತದೆ. ಗ್ರಾಫಿನಲ್ಲಿ ಇದನ್ನು ಗುರುತಿಸುವುದು ಸುಲಭ: ತೂಗಾಟ ನಿಂತ ಮೇಲೂ ಗೆರೆ ಗುರಿಗಿಂತ ತುಸು ಮೇಲೆಯೇ ಉಳಿದು, ಇಳಿದೂ ಇಳಿಯದಂತೆ ಸಾಗುತ್ತದೆ. ಗ್ರಾಫನ್ನು ಐದು ಸೆಕೆಂಡಿಗೆ ಕತ್ತರಿಸಿ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಇನ್ನು ಗಾಳಿಯ ಕಡೆಯಿಂದ ನೋಡಿ. ಹಠಾತ್ತನೆ ಗಾಳಿ ಬೀಸಿ ಡಿಷ್ ವಾಲಿದಾಗ ಅದು ಮರಳುವುದು ಹೇಗೆ? ಆ ದಾರಿಯ ಸೂತ್ರದಲ್ಲಿ −0.1ರ ಝೀರೋ ಇಲ್ಲ. ಆಜ್ಞೆ ಕಂಟ್ರೋಲರ್ ಮೂಲಕ ಬರುತ್ತದೆ, ಗಾಳಿ ನೇರ ಡಿಷ್‌ಗೆ ಬಡಿಯುತ್ತದೆ. ಪೋಲ್ ಅದೇ −0.104, ಆದರೆ ಅದನ್ನು ಕುಗ್ಗಿಸಲು ಪಕ್ಕದಲ್ಲಿ ಯಾರೂ ಇಲ್ಲ. ಇಂಟಿಗ್ರೇಟರ್ ಇಲ್ಲದಿದ್ದರೆ ಡಿಷ್ ಎಷ್ಟು ವಾಲಿ ನಿಲ್ಲುತ್ತಿತ್ತೋ ಹೆಚ್ಚುಕಡಿಮೆ ಅಷ್ಟೂ ವಾಲು ಆ ಒಂದು ಪೋಲ್‌ನ ಪಾಲಾಗುತ್ತದೆ, ಹತ್ತು ಸೆಕೆಂಡಿನ ಕಾಲಾಂಕದಲ್ಲಿ ಮೆಲ್ಲನೆ ಕರಗುತ್ತದೆ. ಆಜ್ಞೆಯ ದಾರಿಯಲ್ಲಿ ಬಿಡಬಹುದಾಗಿದ್ದ ಪೋಲ್ ಗಾಳಿಯ ದಾರಿಯಲ್ಲಿ ಬಹುಪಾಲು ಕತೆಯೇ ಆಗಿಬಿಟ್ಟಿದೆ. ಇಲ್ಲಿ ಉಳಿಸಿಕೊಳ್ಳಬೇಕಾದದ್ದು ಜೋಡಿಯನ್ನಲ್ಲ, ಒಂಟಿಯನ್ನು. ಪ್ರಾಬಲ್ಯ ಎನ್ನುವುದು ಪೋಲ್‌ನ ಹುಟ್ಟುಗುಣ ಎಂದು ನಂಬಿದವರಿಗೆ ಇದು ಅರಗುವುದು ಕಷ್ಟ. ಎಲ್ಲಿಂದ ತಳ್ಳುತ್ತೀರಿ, ಎಲ್ಲಿ ನೋಡುತ್ತೀರಿ, ಎಷ್ಟು ಹೊತ್ತು ನೋಡುತ್ತೀರಿ ಎಂಬ ಮೂರನ್ನೂ ಹೇಳದೆ ಯಾವ ಪೋಲ್ ಪ್ರಬಲ ಎಂದು ಕೇಳಿದರೆ ಪ್ರಶ್ನೆಯೇ ಪೂರ್ತಿಯಾಗಿರುವುದಿಲ್ಲ.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಚೆಂದದ ಉದಾಹರಣೆ ವಿಮಾನ. ಬೋಯಿಂಗ್ 747 ನಲವತ್ತು ಸಾವಿರ ಅಡಿ ಎತ್ತರದಲ್ಲಿ, ಶಬ್ದದ ವೇಗದ 0.8 ಪಾಲಿನಲ್ಲಿ, ಸೆಕೆಂಡಿಗೆ ಸುಮಾರು 236 ಮೀಟರ್ ಹಾರುತ್ತಿರುವಾಗ ಅದರ ಮೂಗು ಮೇಲೆ ಕೆಳಗೆ ಆಡುವ ಚಲನೆ ನಾಲ್ಕನೇ ಆರ್ಡರಿನದು. ವಿಮಾನಶಾಸ್ತ್ರದ ಪಠ್ಯಗಳಲ್ಲಿ ಚಿರಪರಿಚಿತವಾದ ಅಂಕಿಗಳಿವು: ಒಂದು ಜೋಡಿ −0.372 ± 0.888j, ಇನ್ನೊಂದು −0.0033 ± 0.0672j. ಮೊದಲನೆಯದು ಏಳು ಸೆಕೆಂಡಿಗೊಮ್ಮೆ ತೂಗಿ ಎರಡು ಸೆಕೆಂಡಿನೊಳಗೆ ಅರ್ಧಕ್ಕಿಳಿಯುತ್ತದೆ. ಅದರ ಹೆಸರು ಶಾರ್ಟ್ ಪೀರಿಯಡ್. ಎರಡನೆಯದಕ್ಕೆ ಒಂದು ತೂಗಾಟಕ್ಕೆ 93 ಸೆಕೆಂಡ್, ಅರ್ಧಕ್ಕಿಳಿಯಲು 211 ಸೆಕೆಂಡ್. ಇದು ಫ್ಯುಗಾಯ್ಡ್. ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1908ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಬಿಡಿಸಿ ವಿವರಿಸಿದ್ದ.

ಎರಡು ಜೋಡಿಗಳ ದೂರದ ಅನುಪಾತ ನೂರಕ್ಕೂ ಮೇಲು. ನಿಯಮದ ಪ್ರಕಾರ ಫ್ಯುಗಾಯ್ಡ್ ಒಂದನ್ನೇ ಉಳಿಸಿಕೊಂಡು ಶಾರ್ಟ್ ಪೀರಿಯಡ್ ಬಿಡಬೇಕು. ಆದರೆ ಪೈಲಟ್ ಸ್ಟಿಕ್ ಎಳೆದಾಗ ಮೊದಲ ಕೆಲವು ಸೆಕೆಂಡು ಮೂಗು ಹೇಗೆ ಏಳುತ್ತದೆ, ಸೀಟಿನಲ್ಲಿ ಕೂತವರ ಮೈ ಎಷ್ಟು ಭಾರವೆನಿಸುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುವುದು ಆ ಬಿಟ್ಟ ಜೋಡಿ. ಅದಕ್ಕಾಗಿ ಮಾದರಿ ಮಾಡುವವರು ಪೋಲ್ ಹೊಡೆದುಹಾಕುವ ಕೆಲಸಕ್ಕೆ ಹೋಗುವುದಿಲ್ಲ. ಭೌತಿಕ ಕಾರಣ ಹಿಡಿದು ಸಮೀಕರಣವನ್ನೇ ಕತ್ತರಿಸುತ್ತಾರೆ. ನಾಲ್ಕೈದು ಸೆಕೆಂಡಿನಲ್ಲಿ ಇಷ್ಟು ದೊಡ್ಡ ವಿಮಾನದ ವೇಗ ಬದಲಾಗುವುದು ಅಷ್ಟರಲ್ಲೇ ಇದೆ, ಆದ್ದರಿಂದ ವೇಗ ಸ್ಥಿರ ಎಂದುಕೊಂಡು ಅದರ ಸಮೀಕರಣವನ್ನು ತೆಗೆಯುತ್ತಾರೆ. ಉಳಿದ ಎರಡನೇ ಆರ್ಡರಿನ ಮಾದರಿ ಕೊಡುವ ಜೋಡಿ −0.371 ± 0.889j, ಪೂರ್ಣ ಮಾದರಿಯದಕ್ಕೆ ಹೆಚ್ಚುಕಡಿಮೆ ಅದೇ. ಮೂಗಿನ ಅಲುಗಾಟ ತಡೆಯುವ ಪಿಚ್ ಡ್ಯಾಂಪರ್ ವಿನ್ಯಾಸಕ್ಕೆ ಈ ಮಾದರಿ ಧಾರಾಳವಾಗಿ ಸಾಕು.

ನಿಮಿಷಗಟ್ಟಲೆ ಎತ್ತರ ಕಾಯ್ದುಕೊಳ್ಳುವ ಆಟೊಪೈಲಟ್‌ಗೆ ಫ್ಯುಗಾಯ್ಡ್ ಬೇಕು. ಲ್ಯಾಂಚೆಸ್ಟರ್ ಅದಕ್ಕೆ ಎದುರು ದಿಕ್ಕಿನ ಸಡಿಲಿಕೆ ಮಾಡಿದ್ದ: ರೆಕ್ಕೆ ಗಾಳಿಗೆ ಒಡ್ಡಿದ ಕೋನ ಬದಲಾಗುವುದಿಲ್ಲ, ಗಾಳಿಯ ಎಳೆತ ಇಲ್ಲ, ವಿಮಾನ ಎತ್ತರವನ್ನು ವೇಗಕ್ಕೂ ವೇಗವನ್ನು ಎತ್ತರಕ್ಕೂ ಮಾರಿಕೊಳ್ಳುತ್ತ ಹೋಗುತ್ತದೆ. ಆಗ ಒಂದು ತೂಗಾಟದ ಕಾಲ √2 π V / g. ವಿಮಾನದ ತೂಕ, ರೆಕ್ಕೆಯ ಆಕಾರ ಯಾವುದೂ ಬೇಕಿಲ್ಲ, ವೇಗ ಗೊತ್ತಿದ್ದರೆ ಮುಗಿಯಿತು. 747ಕ್ಕೆ ಹಾಕಿದರೆ 107 ಸೆಕೆಂಡ್ ಬರುತ್ತದೆ. ನಿಜವಾದ 93ಕ್ಕೆ ಹೋಲಿಸಿದರೆ ಶೇ. 15ರಷ್ಟು ತಪ್ಪು, ಇಷ್ಟು ಸರಳ ಸೂತ್ರಕ್ಕೆ ಅದು ಕ್ಷಮಾರ್ಹ. ಆದರೆ ಎಳೆತವನ್ನು ಬಿಟ್ಟದ್ದರಿಂದ ಡ್ಯಾಂಪಿಂಗ್ ಸೊನ್ನೆ ಎಂದು ಬರುತ್ತದೆ, ತೂಗಾಟ ಎಂದೂ ನಿಲ್ಲದು ಎಂಬಂತೆ. ತೂಗಾಟದ ಕಾಲ ಎಷ್ಟೆಂದು ತಿಳಿಯಲು ಲ್ಯಾಂಚೆಸ್ಟರ್‌ನ ಮಾದರಿ ಬಳಸಬಹುದು. ಅದು ಎಷ್ಟು ಹೊತ್ತಿನಲ್ಲಿ ಅಡಗುತ್ತದೆ ಎಂದು ತಿಳಿಯಬೇಕಾದವರು ನಾಲ್ಕೂ ಸಮೀಕರಣಗಳಿಗೆ ಹಿಂದಿರುಗಬೇಕು, ಇಲ್ಲವೇ ಕಡೇಪಕ್ಷ ಎಳೆತವನ್ನಾದರೂ ಮಾದರಿಯೊಳಗೆ ಮರಳಿ ಸೇರಿಸಬೇಕು.